ಶೇಂಗಾ ಎಣ್ಣೆಗೆ ವಿತರಕರ ನೇಮಕ: ಕರಾರಿನಲ್ಲಿ ಮೊದಲೇ ಇತ್ಯರ್ಥವಾಗಬೇಕಾದ ವಿಷಯಗಳು

ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಯದ ಕೆಂಪು ಭೂಮಿಯಲ್ಲಿ ಶೇಂಗಾ ಹಳೆಯ ಬೆಳೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತು. ಬಹುಕಾಲ ರೈತನ ವ್ಯವಹಾರ ಕಾಯಿ ಮಾರುವಲ್ಲಿಗೆ ಮುಗಿಯುತ್ತಿತ್ತು. 2002ರಲ್ಲಿ ಕಂಪನಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ರೈತರೇ ಷೇರುದಾರರಾದ ಉತ್ಪಾದಕರ ಕಂಪನಿ ಕಟ್ಟಲು ಅವಕಾಶವಾಯಿತು. ಈಗ ಅಂಥ ಕಂಪನಿಯೊಂದು ಗಾಣ ಹಾಕಿ, ಎಣ್ಣೆ ತೆಗೆದು, ಸೀಸೆಗೆ ತುಂಬಿ ಮಾರುವುದು ದೊಡ್ಡ ಮಾತಲ್ಲ. ತುಂಬಿದ ಎಣ್ಣೆಯನ್ನು ಅಂಗಡಿಯಿಂದ ಅಂಗಡಿಗೆ ಮುಟ್ಟಿಸುವುದೇ ಕಷ್ಟ. ಅದಕ್ಕೆಂದು ಒಬ್ಬ ವರ್ತಕರನ್ನು ವಿತರಕರನ್ನಾಗಿ ನೇಮಿಸುತ್ತಾರೆ. ನೇಮಕದ ದಿನ ಎರಡೂ ಕಡೆಯವರು ಸಂತೋಷದಲ್ಲಿರುತ್ತಾರೆ. ಎರಡು ಪುಟದ ಕರಾರಿಗೆ ಸಹಿ ಬೀಳುತ್ತದೆ. ತೊಡಕು ತಿಳಿಯುವುದು ಆರು ತಿಂಗಳ ಮೇಲೆ.

ತೊಡಕು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಇದರ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ಹಿರಿಯೂರು ತಾಲ್ಲೂಕಿನ ಒಂದು ಉತ್ಪಾದಕರ ಕಂಪನಿ ಸದಸ್ಯರಿಂದ ವರ್ಷಕ್ಕೆ 600 ಕ್ವಿಂಟಾಲ್ ಒಣ ಕಾಯಿ ಕೊಳ್ಳುತ್ತದೆ. ನೂರು ಕಿಲೋ ಕಾಯಿ ಸುಲಿದರೆ 70 ಕಿಲೋ ಬೀಜ, ನೂರು ಕಿಲೋ ಬೀಜ ಅರೆದರೆ 40 ಕಿಲೋ ಎಣ್ಣೆ ಎಂದು ಹಿಡಿದರೆ 16,800 ಕಿಲೋ ಎಣ್ಣೆ ಸಿಗುತ್ತದೆ. ಒಂದು ಲೀಟರ್ ಶೇಂಗಾ ಎಣ್ಣೆಯ ತೂಕ ಸುಮಾರು 910 ಗ್ರಾಂ. ಆದ್ದರಿಂದ ಇದು 18,000 ಲೀಟರಿಗೆ ಸ್ವಲ್ಪ ಮೇಲಾಗುತ್ತದೆ. ಚಿತ್ರದುರ್ಗ ಪಟ್ಟಣದ ಒಬ್ಬ ಕಿರಾಣಿ ಸಗಟು ವರ್ತಕರು ಬಂದು, “ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕು ನನಗೊಬ್ಬನಿಗೇ ಬಿಡಿ, ಮಾಲು ನಾನು ಎತ್ತುತ್ತೇನೆ” ಎನ್ನುತ್ತಾರೆ. ನಿರ್ದೇಶಕರು ಒಪ್ಪುತ್ತಾರೆ. ಕರಾರಿನಲ್ಲಿ “ನಾಲ್ಕು ತಾಲ್ಲೂಕುಗಳಿಗೆ ಇವರೇ ಏಕೈಕ ವಿತರಕರು” ಎಂದು ಬರೆದಿದೆ. ಎಷ್ಟು ಮಾರಬೇಕು, ಎಲ್ಲಿ ಮಾರಬೇಕು, ಮಾರದಿದ್ದರೆ ಏನು ಎಂಬುದು ಬರೆದಿಲ್ಲ.

ಆರು ತಿಂಗಳಲ್ಲಿ ಚಿತ್ರದುರ್ಗ ಪಟ್ಟಣದ ಅಂಗಡಿಗಳಲ್ಲಿ ಎಣ್ಣೆ ಚೆನ್ನಾಗಿ ಓಡುತ್ತದೆ. ಹೊಸದುರ್ಗದ ಅಂಗಡಿಗಳಲ್ಲಿ ಒಂದು ಸೀಸೆಯೂ ಕಾಣುವುದಿಲ್ಲ. ಅಲ್ಲಿನ ಅಂಗಡಿಯವರೇ ಕಂಪನಿಗೆ ಬಂದು ಕೇಳಿದರೂ ಕೊಡುವಂತಿಲ್ಲ, ಕೊಟ್ಟರೆ ಕರಾರು ಮುರಿದಂತೆ. ಇತ್ತ ಗೋದಾಮಿನಲ್ಲಿ ನಿಂತ ಎಣ್ಣೆ ಕಮಟು ಹಿಡಿಯತೊಡಗುತ್ತದೆ. ಸದಸ್ಯರಿಗೆ ಕಾಯಿಯ ಬಾಕಿ ಹಣ ಕೊಡಲು ಕಂಪನಿಯ ಕೈಯಲ್ಲಿ ಹಣವಿಲ್ಲ.

ಏಕಸ್ವಾಮ್ಯ ಎಂದರೆ ಯಾರಿಗೆ ಯಾವ ಕಟ್ಟು?

“ಏಕೈಕ ವಿತರಕ” ಎಂಬ ಒಂದು ಪದದಲ್ಲಿ ಮೂರು ಬೇರೆ ಬೇರೆ ಕಟ್ಟುಗಳು ಅಡಗಿರುತ್ತವೆ. ಕಂಪನಿ ಆ ಪ್ರದೇಶಕ್ಕೆ ಇನ್ನೊಬ್ಬ ವಿತರಕನನ್ನು ನೇಮಿಸಬಾರದು ಎಂಬುದು ಒಂದು. ಕಂಪನಿ ತಾನೇ ನೇರವಾಗಿ ಕೂಡ ಮಾರಬಾರದು ಎಂಬುದು ಇನ್ನೊಂದು. ವಿತರಕನು ಬೇರೆಯವರ ಅದೇ ಬಗೆಯ ಮಾಲನ್ನು ಇಟ್ಟುಕೊಳ್ಳಬಾರದು ಎಂಬುದು ಮೂರನೆಯದು. ಇವುಗಳಲ್ಲಿ ಯಾವುದು ಉಂಟು, ಯಾವುದು ಇಲ್ಲ ಎಂಬುದನ್ನು ಬಿಡಿಸಿ ಬರೆಯದಿದ್ದರೆ ಮುಂದೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ.

ರೈತರ ಕಂಪನಿಗೆ ಮೊದಲನೆಯ ಕಟ್ಟನ್ನು ಒಪ್ಪುವುದರಿಂದ ಹಾನಿಯಿಲ್ಲ. ಊರೂರು ತಿರುಗಿ ಅಂಗಡಿ ಹಿಡಿದವನ ಮೇಲೆ ಮರುದಿನವೇ ಮತ್ತೊಬ್ಬನನ್ನು ತಂದು ಕೂರಿಸಿದರೆ ಯಾವ ವರ್ತಕನೂ ದುಡಿಯಲಾರ. ಎರಡನೆಯ ಕಟ್ಟಿಗೆ ಮಾತ್ರ ಬಾಗಿಲು ತೆರೆದಿಡಬೇಕು. ಸದಸ್ಯರ ಮನೆ ಬಳಕೆಗೆ ಕೊಡುವುದು, ಕಂಪನಿಯ ಸ್ವಂತ ಮಳಿಗೆ, ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ಜಾತ್ರೆಯಂಥ ಸಂದರ್ಭಗಳಲ್ಲಿ ಹಾಕುವ ಅಂಗಡಿ, ಹಾಸ್ಟೆಲ್ ಮತ್ತು ದಾಸೋಹಗಳಿಗೆ ಡಬ್ಬಗಟ್ಟಲೆ ಕೊಡುವುದು, ಅಂತರ್ಜಾಲದ ಮೂಲಕ ಬರುವ ಬೇಡಿಕೆ, ಇಷ್ಟನ್ನು ಕಂಪನಿ ತನಗೆ ಉಳಿಸಿಕೊಂಡಿದೆ ಎಂದು ಹೆಸರಿಟ್ಟು ಬರೆಯತಕ್ಕದ್ದು. ಉದಾಹರಣೆಯ ಕಂಪನಿ 18,000 ಲೀಟರಿನಲ್ಲಿ 6,000 ಲೀಟರನ್ನು ಇದಕ್ಕೆ ಮೀಸಲಿಟ್ಟು 12,000 ಲೀಟರನ್ನು ವಿತರಕನಿಗೆ ಬಿಡಬಹುದು. ತನ್ನಲ್ಲಿಲ್ಲದ ಎಣ್ಣೆಯನ್ನು ಮಾರುವುದಾಗಿ ಮಾತು ಕೊಡುವ ತಪ್ಪೂ ಇದರಿಂದ ತಪ್ಪುತ್ತದೆ.

ಮೂರನೆಯ ಕಟ್ಟನ್ನು ಅತಿಯಾಗಿ ಬಿಗಿಯುವ ಆಸೆ ಹೊಸ ಕಂಪನಿಗಳಿಗೆ ಸಹಜ. “ನಮ್ಮ ಮಾಲು ಬಿಟ್ಟು ಬೇರೇನೂ ಮಾರಬಾರದು” ಎಂದು ಬರೆಸುವವರಿದ್ದಾರೆ. ಇದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಹೇಗೆಂದು ನೋಡಬೇಕು. ಹೊಸದುರ್ಗಕ್ಕೆ ತಿಂಗಳಿಗೆ 135 ಲೀಟರ್ ಹೋಗಬಹುದು, ವಿತರಕನಿಗೆ ಲೀಟರಿಗೆ 8 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಆ ತಾಲ್ಲೂಕಿನಿಂದ ಅವನ ತಿಂಗಳ ಹುಟ್ಟುವಳಿ 1,080 ರೂಪಾಯಿ. ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಎರಡು ಸಲ ವ್ಯಾನು ಹೋಗಿ ಬರುವ ಡೀಸೆಲ್ಲು ಮತ್ತು ಚಾಲಕನ ಕೂಲಿಗೇ ಅದು ಸಾಲದು. ಅಂದ ಮೇಲೆ ಹೊಸದುರ್ಗಕ್ಕೆ ಎಣ್ಣೆ ಮುಟ್ಟಬೇಕಾದರೆ ಅದೇ ವ್ಯಾನಿನಲ್ಲಿ ಸೋಪು, ಬಿಸ್ಕತ್ತು, ಟೀ ಪುಡಿಯೂ ಹೋಗಲೇಬೇಕು. ವಿತರಕ ಹೊಸದುರ್ಗವನ್ನು ಕೈಬಿಟ್ಟದ್ದು ದುರುದ್ದೇಶದಿಂದಲ್ಲ, ಗಿಟ್ಟದ ಕಾರಣ. ಆದ್ದರಿಂದ “ಬೇರೆ ಯಾವುದೇ ಹೆಸರಿನ ಶೇಂಗಾ ಎಣ್ಣೆಯನ್ನು ಮಾರತಕ್ಕದ್ದಲ್ಲ” ಎಂಬಷ್ಟು ಸಾಕು. ಸೂರ್ಯಕಾಂತಿ ಎಣ್ಣೆ, ತಾಳೆ ಎಣ್ಣೆಗಳನ್ನು ಕೂಡ ಅವನು ಮಾರಲಿ.

ಇಂಥ ನಿರ್ಬಂಧಕ್ಕೆ ಕಾನೂನಿನ ಎಲ್ಲೆಯೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನಂತೆ ಒಬ್ಬನ ವ್ಯಾಪಾರವನ್ನು ತಡೆಯುವ ಒಪ್ಪಂದ ಆ ಮಟ್ಟಿಗೆ ಶೂನ್ಯ. ಆದರೆ ಕರಾರು ಜಾರಿಯಲ್ಲಿರುವ ಅವಧಿಯಲ್ಲಿ ಎದುರಾಳಿಯ ಮಾಲನ್ನು ಮುಟ್ಟಬಾರದು ಎಂಬ ಷರತ್ತು ಸಾಮಾನ್ಯವಾಗಿ ನಿಲ್ಲುತ್ತದೆಂದು ಗುಜರಾತಿನ ಪಾನೀಯ ತುಂಬುವ ಕಂಪನಿಯೊಂದಕ್ಕೂ ಕೋಕಾ ಕೋಲಾ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದೆ. ಕರಾರು ಮುಗಿದ ಮೇಲೂ “ಎರಡು ವರ್ಷ ಬೇರೆಯವರ ಎಣ್ಣೆ ಮಾರಕೂಡದು” ಎಂದು ಬರೆಸಿದರೆ ಅದು ನಿಲ್ಲುವುದಿಲ್ಲ. ಅದನ್ನು ನಂಬಿ ಕೂರಬಾರದು.

ಎಲ್ಲೆಯನ್ನು ನಕ್ಷೆಯಿಂದಲ್ಲ, ಸಂತೆಯಿಂದ ಗುರುತಿಸಬೇಕು

ತಾಲ್ಲೂಕಿನ ಹೆಸರು ಬರೆದರೆ ಎಲ್ಲೆ ಸ್ಪಷ್ಟವಾಯಿತೆಂದು ತೋರುತ್ತದೆ. ವ್ಯಾಪಾರದ ದಾರಿ ಮಾತ್ರ ತಾಲ್ಲೂಕಿನ ಗಡಿಯನ್ನು ಕೇಳುವುದಿಲ್ಲ. ಭರಮಸಾಗರ ಚಿತ್ರದುರ್ಗ ತಾಲ್ಲೂಕಿಗೆ ಸೇರಿದ್ದರೂ ಹೆದ್ದಾರಿಯ ಮೇಲಿರುವ ಆ ಊರಿಗೆ ದಾವಣಗೆರೆಯ ಪೇಟೆ ಹತ್ತಿರ. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ಆಂಧ್ರದ ಗಡಿಗೆ ಹತ್ತಿಕೊಂಡಿದೆ. ಹೊಸದುರ್ಗದ ಶ್ರೀರಾಂಪುರ ಭಾಗದವರಿಗೆ ತುಮಕೂರು ಜಿಲ್ಲೆಯ ಹುಳಿಯಾರು ದೂರವಲ್ಲ. ಕಂಪನಿ ನಾಳೆ ದಾವಣಗೆರೆಗೆ ಇನ್ನೊಬ್ಬ ವಿತರಕನನ್ನು ನೇಮಿಸಿದರೆ ಭರಮಸಾಗರದ ಅಂಗಡಿ ಯಾರಿಗೆ ಸೇರಬೇಕು? ಇಂಥ ಅಂಚಿನ ಊರುಗಳ ಪಟ್ಟಿ ಮಾಡಿ ಯಾರ ಪಾಲಿಗೆ ಎಂಬುದನ್ನು ಕರಾರಿಗೆ ಅನುಬಂಧವಾಗಿ ಸೇರಿಸುವುದು ಒಳ್ಳೆಯದು.

ಪಕ್ಕದ ಪ್ರದೇಶದ ಮಾಲು ಒಳನುಗ್ಗುವುದು ಇನ್ನೊಂದು ತಕರಾರು. ಒಬ್ಬ ವಿತರಕ ತನ್ನ ಗುರಿ ಮುಟ್ಟಲು ಲಾಭ ಬಿಟ್ಟು ಮಾಲನ್ನು ಪಕ್ಕದ ತಾಲ್ಲೂಕಿಗೆ ನೂಕುತ್ತಾನೆ, ಅಲ್ಲಿನವನು ಕಂಪನಿಯ ಮೇಲೆ ಹರಿಹಾಯುತ್ತಾನೆ. ಬಾಯಿ ಮಾತಿನ ಆರೋಪದಿಂದ ಇದು ಬಗೆಹರಿಯದು. ಪ್ರತಿ ರಟ್ಟಿನ ಪೆಟ್ಟಿಗೆಯ ಮೇಲೆ ತಯಾರಿಕೆಯ ತಂಡದ ಸಂಖ್ಯೆಯ ಜೊತೆಗೆ ವಿತರಕನ ಗುರುತಿನ ಅಂಕಿಯೊಂದನ್ನು ಹಾಕಿ, ಬಿಲ್ಲಿನಲ್ಲೂ ಅದನ್ನೇ ಬರೆದರೆ ಪೆಟ್ಟಿಗೆ ಎಲ್ಲಿಂದ ಬಂತೆಂಬುದು ತಾನಾಗಿ ತಿಳಿಯುತ್ತದೆ. ಅಂಗಡಿಯವನೇ ಪಕ್ಕದೂರಿಗೆ ಹೋಗಿ ಎರಡು ಪೆಟ್ಟಿಗೆ ತಂದುಕೊಂಡರೆ ಅದನ್ನು ತಪ್ಪೆಂದು ಎಣಿಸಬಾರದು. ವಿತರಕನು ತಾನಾಗಿ ವ್ಯಾನು ಕಳಿಸಿ ಮಾರಿದ್ದನ್ನು ಮಾತ್ರ ಉಲ್ಲಂಘನೆ ಎನ್ನಬೇಕು.

ಗುರಿ: ಒಟ್ಟು ಲೆಕ್ಕ ಕಣ್ಣು ಕಟ್ಟುತ್ತದೆ

ಕರಾರಿನ ಜೀವ ಇರುವುದು ಈ ಭಾಗದಲ್ಲಿ. ಏಕಸ್ವಾಮ್ಯವೆಂಬುದು ಕಂಪನಿ ಕೊಡುವ ಬೆಲೆಬಾಳುವ ಹಕ್ಕು. ವಿತರಕನು ಅದಕ್ಕೆ ಪ್ರತಿಯಾಗಿ ಕೊಡುವುದು ಇಂತಿಷ್ಟು ಮಾರುತ್ತೇನೆಂಬ ಮಾತು ಮಾತ್ರ. ಆ ಮಾತು ಅಂಕಿಯಲ್ಲಿ ಇಲ್ಲದಿದ್ದರೆ ಹಕ್ಕನ್ನು ಪುಕ್ಕಟೆ ಕೊಟ್ಟಂತಾಯಿತು.

12,000 ಲೀಟರನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚುವುದು ಸರಿಯಲ್ಲ. ಮೊದಲ ಮೂರು ತಿಂಗಳು ಅಂಗಡಿ ಹಿಡಿಯುವ ಕಾಲ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಎಣ್ಣೆಯ ಖರ್ಚು ಹೆಚ್ಚು. ಕರಾರು ಜನವರಿಯಲ್ಲಿ ಆರಂಭವಾದರೆ ಮೊದಲ ಮೂರು ತಿಂಗಳಿಗೆ 1,800, ಎರಡನೆಯದಕ್ಕೆ 2,700, ಮೂರನೆಯದಕ್ಕೆ 3,300, ಕೊನೆಯದಕ್ಕೆ 4,200 ಲೀಟರ್ ಎಂದು ಗೊತ್ತುಪಡಿಸಬಹುದು. ಇದರ ಜೊತೆಗೆ ತಾಲ್ಲೂಕುವಾರು ಪಾಲೂ ಬೇಕು. ಚಿತ್ರದುರ್ಗಕ್ಕೆ ಶೇಕಡ 45, ಹಿರಿಯೂರಿಗೆ 25, ಹೊಸದುರ್ಗ ಮತ್ತು ಹೊಳಲ್ಕೆರೆಗೆ ತಲಾ 15 ಎಂದಿರಲಿ.

ಈ ಪಾಲು ಏಕೆ ಬೇಕೆಂಬುದು ಎರಡನೆಯ ತ್ರೈಮಾಸಿಕದ ಲೆಕ್ಕ ತೆಗೆದಾಗ ಗೊತ್ತಾಗುತ್ತದೆ. ವಿತರಕ 2,900 ಲೀಟರ್ ಮಾರಿದ್ದಾನೆ, ಗುರಿ 2,700. ಒಟ್ಟು ಲೆಕ್ಕ ನೋಡಿದರೆ ಅವನಿಗೆ ಬಹುಮಾನ ಕೊಡಬೇಕು. ಬಿಡಿಸಿ ನೋಡಿದರೆ ಚಿತ್ರದುರ್ಗದಲ್ಲಿ 1,215ರ ಬದಲು 1,900, ಹಿರಿಯೂರಿನಲ್ಲಿ 675ರ ಬದಲು 720, ಹೊಳಲ್ಕೆರೆಯಲ್ಲಿ 405ರ ಬದಲು 190, ಹೊಸದುರ್ಗದಲ್ಲಿ 405ರ ಬದಲು 90. ಎರಡು ತಾಲ್ಲೂಕುಗಳ ಬಾಗಿಲಿಗೆ ಬೀಗ ಬಿದ್ದಿದೆ, ಬೀಗದ ಕೈ ಚಿತ್ರದುರ್ಗದ ವರ್ತಕನಲ್ಲಿದೆ. ಕರಾರಿನಲ್ಲಿ ಒಟ್ಟು ಗುರಿ ಮಾತ್ರ ಇದ್ದಿದ್ದರೆ ಕಂಪನಿ ಏನೂ ಮಾಡುವಂತಿರಲಿಲ್ಲ.

ಆದುದರಿಂದ ಕರಾರಿನ ಮಾತು ಹೀಗಿರುವುದು ಲೇಸು: “ಯಾವುದೇ ತಾಲ್ಲೂಕಿನಲ್ಲಿ ಸತತ ಎರಡು ತ್ರೈಮಾಸಿಕಗಳಲ್ಲಿ ಆ ತಾಲ್ಲೂಕಿನ ಗುರಿಯ ಶೇಕಡ 60ಕ್ಕಿಂತ ಕಡಿಮೆ ಮಾರಾಟವಾದಲ್ಲಿ, ಒಂದನೇ ಪಕ್ಷದವರು 15 ದಿನಗಳ ಲಿಖಿತ ತಿಳುವಳಿಕೆ ಕೊಟ್ಟು ಸದರಿ ತಾಲ್ಲೂಕನ್ನು ಎರಡನೇ ಪಕ್ಷದವರ ಪ್ರದೇಶದಿಂದ ಹಿಂತೆಗೆದುಕೊಳ್ಳಬಹುದು, ಉಳಿದ ತಾಲ್ಲೂಕುಗಳಿಗೆ ಈ ಕರಾರು ಯಥಾಪ್ರಕಾರ ಮುಂದುವರಿಯತಕ್ಕದ್ದು.” ಇಡೀ ಸಂಬಂಧ ಹರಿಯದೆ ಹೊಸದುರ್ಗ ಮಾತ್ರ ಬಿಡುಗಡೆಯಾಗುತ್ತದೆ. ಚಿತ್ರದುರ್ಗದಲ್ಲಿ ಚೆನ್ನಾಗಿ ಮಾರುತ್ತಿರುವವನನ್ನು ಕಳೆದುಕೊಳ್ಳುವ ಅಗತ್ಯವೂ ಇಲ್ಲ. ಹೊಸದುರ್ಗದಲ್ಲೇ ವ್ಯಾನು ತಿರುಗಿಸುವ ಒಬ್ಬ ಸಣ್ಣ ವರ್ತಕನಿಗೆ ಅದನ್ನು ಕೊಡಬಹುದು. ಚಿತ್ರದುರ್ಗದವನೇ ಆತನನ್ನು ಉಪವಿತರಕನಾಗಿ ಇಟ್ಟುಕೊಂಡು ಎಂಟು ರೂಪಾಯಿಯಲ್ಲಿ ಐದು ರೂಪಾಯಿ ಅವನಿಗೆ ಬಿಟ್ಟುಕೊಡಲು ಒಪ್ಪಿದರೂ ಸರಿಯೇ.

ಗುರಿಯನ್ನು ಅಳೆಯುವ ಬಗೆಯನ್ನೂ ಬರೆಯಬೇಕು. ವಿತರಕನು ಕಂಪನಿಯಿಂದ ಎತ್ತಿದ್ದನ್ನು ಎಣಿಸುವುದೋ, ಅಂಗಡಿಗೆ ಮಾರಿದ್ದನ್ನೋ? ಎತ್ತಿದ್ದನ್ನೇ ಎಣಿಸಿದರೆ ಜೂನ್ ಕೊನೆಯ ವಾರದಲ್ಲಿ ಸಾವಿರ ಲೀಟರ್ ಎತ್ತಿ, ಆಗಸ್ಟಿನಲ್ಲಿ ಅದನ್ನೇ ವಾಪಸು ಕಳಿಸುವ ಜಾಣತನ ನಡೆಯುತ್ತದೆ. ಅಂಗಡಿವಾರು ಬಿಲ್ಲುಗಳ ತಿಂಗಳ ಪಟ್ಟಿಯನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡತಕ್ಕದ್ದು ಎಂಬ ಷರತ್ತಿದ್ದರೆ ತಾಲ್ಲೂಕುವಾರು ಲೆಕ್ಕವೂ ಸಿಗುತ್ತದೆ. ಕ್ಷೇತ್ರ ಸಿಬ್ಬಂದಿ ಹೊಸದುರ್ಗದ ಹತ್ತು ಅಂಗಡಿಗಳಿಗೆ ಹೋಗಿ ಸೀಸೆಗಳ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿದರೆ ಪಟ್ಟಿ ನಿಜವೋ ಸುಳ್ಳೋ ಗೊತ್ತಾಗಿಬಿಡುತ್ತದೆ. ಹಳೆಯ ತಿಂಗಳ ಸೀಸೆಗಳೇ ಸಾಲಾಗಿ ನಿಂತಿದ್ದರೆ ಅಲ್ಲಿ ಮಾರಾಟವಿಲ್ಲ.

ಗುರಿ ಒಂದೇ ಕಡೆಯ ಹೊರೆಯಾಗಬಾರದು. ಮಳೆ ಕೈಕೊಟ್ಟು ಕಾಯಿ ಬಾರದೆ ಕಂಪನಿ ಒಂದು ತ್ರೈಮಾಸಿಕದಲ್ಲಿ 2,000 ಲೀಟರ್ ಮಾತ್ರ ಕೊಟ್ಟರೆ, ವಿತರಕನ ಗುರಿಯೂ ಅಷ್ಟಕ್ಕೇ ಇಳಿಯಬೇಕು. ಎಣ್ಣೆಯ ಧಾರಣೆ ವಾರಕ್ಕೊಮ್ಮೆ ಏರಿಳಿಯುವುದರಿಂದ ವರ್ಷಕ್ಕೆ ಒಂದೇ ದರ ಬರೆಯುವುದು ಇಬ್ಬರಿಗೂ ಅಪಾಯ. ದರವನ್ನು ಬಿಟ್ಟು ವಿತರಕನ ಲೀಟರ್‌ವಾರು ಉಳಿಕೆಯನ್ನು ಮಾತ್ರ ಗೊತ್ತುಮಾಡಿ, ದರ ಬದಲಾವಣೆಗೆ ಮೂರು ದಿನದ ಮುನ್ಸೂಚನೆ ಎಂದಿಟ್ಟರೆ ಸಾಕು.

ಉದ್ದರಿ

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ಮಾತನ್ನು ಮಾತ್ರ ಗಮನಿಸಬೇಕು. ಕಂಪನಿ ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಕಾಯ್ದೆಯಂತೆ ಕೊಂಡವರು ಗೊತ್ತುಪಡಿಸಿದ ದಿನದೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ, ಲಿಖಿತ ಕರಾರಿಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಏರುತ್ತದೆ. ಮಾಲು ಕೊಡುವುದಕ್ಕೆ ಮೊದಲೇ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಎಣ್ಣೆಯಂಥ ಬೇಗ ಓಡುವ ಮಾಲಿಗೆ 21 ದಿನದ ಉದ್ದರಿಯೇ ಹೆಚ್ಚು.

ಬಿಡುಗಡೆಯ ಬಾಗಿಲು

ಕರಾರು ಬರೆಯುವಾಗ ಬಿಡುವ ಮಾತು ಅಪಶಕುನವೆಂದು ಎಣಿಸುವವರುಂಟು. ಆದರೆ ನ್ಯಾಯಾಲಯಗಳು ನೋಡುವುದು ಅದನ್ನೇ. ಅಮೃತಸರದ ಒಂದು ಅಡುಗೆ ಅನಿಲ ವಿತರಕ ಸಂಸ್ಥೆಗೂ ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿಗೂ ನಡೆದ, 1991ರಲ್ಲಿ ವರದಿಯಾದ ವ್ಯಾಜ್ಯದಲ್ಲಿ ಕರಾರನ್ನು 30 ದಿನದ ತಿಳುವಳಿಕೆ ಕೊಟ್ಟು ಯಾವ ಪಕ್ಷದವರಾದರೂ ಮುಗಿಸಬಹುದೆಂಬ ಷರತ್ತಿತ್ತು. ಮಧ್ಯಸ್ಥರು ವಿತರಣೆಯ ಹಕ್ಕನ್ನು ಮತ್ತೆ ಕೊಡಬೇಕೆಂದು ತೀರ್ಪಿತ್ತಿದ್ದರು. ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ಹೀಗೆ ಮುಗಿಸಬಹುದಾದ ಕರಾರನ್ನು ಬಲವಂತವಾಗಿ ನಡೆಸುವಂತೆ ಆಜ್ಞೆ ಮಾಡಲಾಗದು, ಆ 30 ದಿನದ ಗಳಿಕೆಯ ನಷ್ಟ ಮಾತ್ರ ಸಲ್ಲುತ್ತದೆ ಎಂದಿತು. ವಿತರಕನಿಗೆ ಇದರಿಂದ ತಿಳಿಯಬೇಕಾದ್ದೇನೆಂದರೆ, ವ್ಯಾನು ಕೊಂಡು ಗೋದಾಮು ಬಾಡಿಗೆಗೆ ಹಿಡಿದಿದ್ದರೂ ಅವನ ರಕ್ಷಣೆ ತಿಳುವಳಿಕೆಯ ದಿನಗಳಷ್ಟೇ ಉದ್ದ. ಕಂಪನಿಗೂ ಅದೇ ಅನ್ವಯ. ಹಬ್ಬದ ಮುಂಚೆ ವಿತರಕ 30 ದಿನದಲ್ಲಿ ಬಿಟ್ಟು ಹೋದರೆ ಹೊಸಬನನ್ನು ಹುಡುಕಲು ಸಮಯವಿರುವುದಿಲ್ಲ. ಸಣ್ಣ ಕಂಪನಿಗೆ 60 ದಿನ ಸೂಕ್ತ. ಎರಡು ತಿಂಗಳ ಬಾಕಿ, ಕಲಬೆರಕೆ, ಸುಳ್ಳು ಲೆಕ್ಕ ಇಂಥವಕ್ಕೆ 15 ದಿನವೇ ಸಾಕು.

“ಕರಾರು ಮುರಿದವರು ಐದು ಲಕ್ಷ ದಂಡ ತೆರತಕ್ಕದ್ದು” ಎಂಬ ಸಾಲು ಬಹಳ ಕರಾರುಗಳಲ್ಲಿ ಕಾಣುತ್ತದೆ. ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಯುಕ್ತವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿಯಷ್ಟೆ. ಹೆದರಿಸಲು ಆ ಸಾಲು ಆಗಬಹುದು, ವಸೂಲಿಗೆ ಆಗದು.

ದಂಡಕ್ಕಿಂತ ಕೊನೆಯ ಲೆಕ್ಕದ ವಿಧಾನ ಬರೆದಿಡುವುದು ಹೆಚ್ಚು ಉಪಯೋಗಿ. ಕರಾರು ಮುಗಿದ ದಿನ ವಿತರಕನ ಗೋದಾಮಿನಲ್ಲಿ 400 ಲೀಟರ್ ಇದೆ ಎನ್ನಬಹುದು. ಅದರಲ್ಲಿ 300 ಲೀಟರಿಗೆ ಬಳಕೆಯ ಅವಧಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಮೊಹರು ಒಡೆದಿಲ್ಲ. ಇಷ್ಟನ್ನು ಮಾತ್ರ ಕಂಪನಿ ಬಿಲ್ಲಿನ ದರಕ್ಕೆ ವಾಪಸು ಪಡೆಯುತ್ತದೆ ಎಂಬುದು ಷರತ್ತು. ಲೆಕ್ಕಕ್ಕಾಗಿ ಲೀಟರಿಗೆ 180 ರೂಪಾಯಿ ಹಿಡಿದರೆ 54,000 ರೂಪಾಯಿ. ಠೇವಣಿ 50,000 ರೂಪಾಯಿ ಕಂಪನಿಯಲ್ಲಿದೆ. ವಿತರಕನ ಬಾಕಿ 90,000 ರೂಪಾಯಿ. ಕಳೆದು ನೋಡಿದರೆ ಕಂಪನಿ 14,000 ರೂಪಾಯಿ ಹಿಂದಿರುಗಿಸಬೇಕು, ಅದಕ್ಕೆ 30 ದಿನದ ಗಡುವು. ಉಳಿದ 100 ಲೀಟರನ್ನು ವಿತರಕ ಅವಧಿಯೊಳಗೆ ತಾನೇ ಮಾರಿಕೊಳ್ಳಲು ಅನುಮತಿ ಇರಬೇಕು. ಅವಧಿ ಮೀರಿದ ಮೇಲೆ ಮಾರುವಂತಿಲ್ಲ, ಕಂಪನಿಯ ಪ್ರತಿನಿಧಿಯ ಎದುರಿನಲ್ಲಿ ನಾಶಪಡಿಸತಕ್ಕದ್ದು. ಈ ಎಚ್ಚರಿಕೆ ಇಲ್ಲದೆ ಹೋದರೆ ಕಮಟು ಎಣ್ಣೆ ಕಂಪನಿಯ ಹೆಸರಿನ ಸೀಸೆಯಲ್ಲೇ ಸಂತೆಗೆ ಬರುತ್ತದೆ.

ಅಂಗಡಿಗಳ ಪಟ್ಟಿಯ ವಿಷಯವನ್ನು ಹೆಚ್ಚಿನ ಕರಾರುಗಳು ಮರೆಯುತ್ತವೆ. ಯಾವ ಊರಿನ ಯಾವ ಅಂಗಡಿ ತಿಂಗಳಿಗೆ ಎಷ್ಟು ಕೊಳ್ಳುತ್ತದೆಂಬ ಪುಸ್ತಕ ವಿತರಕನ ಕೈಯಲ್ಲೇ ಉಳಿದರೆ ಹೊಸಬನು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ತಿಂಗಳ ಪಟ್ಟಿ ಪಡೆಯುವ ಷರತ್ತಿದ್ದರೆ ಈ ಪುಸ್ತಕ ತಾನಾಗಿ ಕಂಪನಿಯಲ್ಲಿ ಬೆಳೆಯುತ್ತದೆ. ಅಂಗಡಿಗಳಿಂದ ಬರಬೇಕಾದ ಉದ್ದರಿ ಮಾತ್ರ ವಿತರಕನದೇ, ಅದನ್ನು ವಸೂಲು ಮಾಡಲು ಹೊಸ ವಿತರಕ ಅಡ್ಡಿಪಡಿಸಬಾರದೆಂದೂ ಸೇರಿಸಬಹುದು.

ಸಹಿ ಹಾಕುವ ಮೊದಲು ನಿರ್ದೇಶಕರ ಮಂಡಲಿಯಲ್ಲಿ ನಿರ್ಣಯವಾಗಿ, ಯಾರು ಸಹಿ ಹಾಕಬೇಕೆಂಬುದು ನಡವಳಿ ಪುಸ್ತಕದಲ್ಲಿ ದಾಖಲಾಗಿರಬೇಕು. ಕರಾರನ್ನು ಸರಿಯಾದ ಛಾಪಾ ಕಾಗದದ ಮೇಲೆ ಎರಡು ಪ್ರತಿ ಮಾಡಿ, ಅಂಚಿನ ಊರುಗಳ ಪಟ್ಟಿ ಮತ್ತು ತಾಲ್ಲೂಕುವಾರು ಗುರಿಯ ತಖ್ತೆಯ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಬೇಕು. ವ್ಯಾಜ್ಯ ಬಂದರೆ ಚಿತ್ರದುರ್ಗದ ನ್ಯಾಯಾಲಯ ಎಂದು ಬರೆದುಕೊಂಡರೆ ಹಿರಿಯೂರಿನವರಿಗೂ ಚಿತ್ರದುರ್ಗದ ವರ್ತಕನಿಗೂ ಓಡಾಟ ಕಡಿಮೆ. ಮೊದಲ ಕರಾರು ಒಂದು ವರ್ಷಕ್ಕೆ ಮಾತ್ರ ಇರಲಿ. ಮುಂದಿನ ವರ್ಷದ ತಾಲ್ಲೂಕುವಾರು ಪಾಲನ್ನು ಆ ವರ್ಷದ ಅಂಗಡಿ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಹೊಸ ಕಾಯಿ ಗೋದಾಮಿಗೆ ಬರುವ ನವೆಂಬರಿನಲ್ಲಿ ತಿದ್ದಿಕೊಳ್ಳಬಹುದು.